ಸೆನ್ಸರ್ ಹೋಗಿದೆ ಸಾರ್!

ಶಿರಾಡಿ ಘಾಟಿಯಲ್ಲಿ ಗುಂಡ್ಯ ದಾಟಿ ಮೇಲೇರುವಾಗ ಮುಂದೊಂದು ಗ್ಯಾಸ್ ಟ್ಯಾಂಕರ್ ಇದ್ದೇ ಇರುತ್ತದೆ. ಅದರ ಹೊಗೆ ಕುಡಿಯುತ್ತಾ ನಾಲ್ಕಾರು ತಿರುವು ತೆವಳಿದ ಮೇಲೆ ಒಂದು ಚೂರು ನೇರ ದಾರಿ ಸಿಗುತ್ತದೆ. ಗೇರ್ ಇಳಿಸಿ, ಹಾರ್ನ್ ಹೊಡೆದು, ಬಲಕ್ಕೆ ಬಂದು ಆಕ್ಸಿಲರೇಟರ್ ಒತ್ತಿ, ಸರಿಯಾಗಿ ಟ್ಯಾಂಕರಿನ ಹೊಟ್ಟೆಯ ಪಕ್ಕಕ್ಕೆ ಬಂದಾಗಲೇ ಡೀಸೆಲ್ ಕಾರಿಗೆ ವೈರಾಗ್ಯ ಬರುವುದು. ಎಂಜಿನ್ ಓಡುತ್ತಿರುತ್ತದೆ, ಎಳೆತ ಮಾತ್ರ ಇರುವುದಿಲ್ಲ. ಕಾಲನ್ನು ನೆಲಕ್ಕೆ ತುಳಿದರೂ ಮುಳ್ಳು ಮೂರು ಸಾವಿರ ಆರ್‌ಪಿಎಂ ದಾಟಲು ಒಪ್ಪದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಶಾಂತವಾಗಿ ಬೆಳಗುತ್ತಿರುತ್ತದೆ. ಎದುರಿನಿಂದ ಬರುವ ಬಸ್ಸಿನ ಡ್ರೈವರಿಗೆ ಇದನ್ನೆಲ್ಲ ವಿವರಿಸಲು ಸಮಯವಿರುವುದಿಲ್ಲ.

ಇದೇ ಲಿಂಪ್ ಮೋಡ್. ಎಂಜಿನ್ನನ್ನು ಆಳುವ ಕಂಪ್ಯೂಟರಾದ ಇಸಿಯುಗೆ ಎಂಜಿನ್ ಹಾಳಾದೀತೆಂಬ ಅನುಮಾನ ಬಂದರೆ ಡೀಸೆಲ್ ಕಡಿಮೆ ಮಾಡುತ್ತದೆ, ಟರ್ಬೋವನ್ನು ತಣ್ಣಗೆ ಕೂರಿಸುತ್ತದೆ, ಕುಂಟುತ್ತಾ ಮನೆ ಸೇರಿಕೋ ಎನ್ನುತ್ತದೆ. ಈ ಅನುಮಾನಕ್ಕೆ ಮುಖ್ಯ ಸಾಕ್ಷಿಗಳು ಇಬ್ಬರು. ಟರ್ಬೋ ಎಷ್ಟು ಗಾಳಿ ಒತ್ತುತ್ತಿದೆ ಎಂದು ಹೇಳುವುದು ಬೂಸ್ಟ್ ಸೆನ್ಸರ್. ಇಂಜೆಕ್ಟರ್‌ಗಳ ಹಿಂದಿನ ಕೊಳವೆಯಲ್ಲಿ ಡೀಸೆಲ್ ಎಷ್ಟು ಒತ್ತಡದಲ್ಲಿದೆ ಎಂದು ಹೇಳುವುದು ರೈಲ್ ಪ್ರೆಶರ್ ಸೆನ್ಸರ್. ಐಡಲ್‌ನಲ್ಲಿ ಸುಮಾರು 300 ಬಾರ್ ಇರುವ ಈ ರೈಲ್ ಒತ್ತಡ, ಪೂರ್ತಿ ಲೋಡಿನಲ್ಲಿ ಅನೇಕ ಕಾರುಗಳಲ್ಲಿ 1600 ಬಾರ್ ಮುಟ್ಟುತ್ತದೆ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಜಾಸ್ತಿ ಅಂತರ ಕಂಡರೆ ಇಸಿಯು ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೇ ಈ ಕಾಯಿಲೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕಾಣಿಸಿಕೊಳ್ಳದೆ, ಏರಿನಲ್ಲಿ ಓವರ್‌ಟೇಕ್ ಮಾಡುವಾಗಲೇ ಬರುವುದು.

ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಕಾರು ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮುಂದಿನ ಟ್ಯಾಂಕರ್ ತನಕ.

ಇನ್ನು ಗ್ಯಾರೇಜು. ಅಲ್ಲಿ ಸ್ಕ್ಯಾನರ್ ಚುಚ್ಚುತ್ತಾರೆ. ಪರದೆಯ ಮೇಲೆ P0299 ಎಂದು ಬರುತ್ತದೆ, ಅಥವಾ P0087. ಮೊದಲನೆಯದರ ಅರ್ಥ ಬೂಸ್ಟ್ ಸಾಲುತ್ತಿಲ್ಲ, ಎರಡನೆಯದರ ಅರ್ಥ ರೈಲ್ ಒತ್ತಡ ಸಾಲುತ್ತಿಲ್ಲ. ಗಮನಿಸಿ, ಎರಡರಲ್ಲೂ ಸೆನ್ಸರ್ ಕೆಟ್ಟಿದೆ ಎಂದು ಯಾರೂ ಹೇಳಿಲ್ಲ. ಸೆನ್ಸರ್ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿ ದೂರು ಕೊಟ್ಟಿದೆ, ಅಷ್ಟೇ. ಆದರೆ ಪರದೆ ಪೂರ್ತಿ ಬೆಳಗುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ: 'ಸೆನ್ಸರ್ ಹೋಗಿದೆ ಸಾರ್.' ಇಂಟರ್‌ಕೂಲರ್ ಹೋಸ್ ಹರಿದು ಗಾಳಿ ಸೋರುತ್ತಿರುತ್ತದೆ, ಜಾಯಿಂಟಿನ ಸುತ್ತ ಎಣ್ಣೆಯ ಪಸೆ ಕಾಣುತ್ತಿರುತ್ತದೆ. ಬದಲಾಗುವುದು ಬೂಸ್ಟ್ ಸೆನ್ಸರ್. ಡೀಸೆಲ್ ಫಿಲ್ಟರ್ ಕೆಸರು ಕಟ್ಟಿ, ಏರಿನಲ್ಲಿ ಬೇಕಾದಷ್ಟು ಡೀಸೆಲ್ ಬಿಡದಂತಾಗಿರುತ್ತದೆ. ಬದಲಾಗುವುದು ರೈಲ್ ಸೆನ್ಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಚಟದ ಪರಾಕಾಷ್ಠೆ ಬೆಂಗಳೂರಿನಲ್ಲಿ ನೋಡಬೇಕು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಲೈವ್ ಡೇಟಾ ನೋಡಿದರೆ ಬೂಸ್ಟ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಇದು ಬಲು ಒಳ್ಳೆಯ ಪರೀಕ್ಷೆ, ಖರ್ಚಿಲ್ಲದ್ದು. ಮೆಕ್ಯಾನಿಕ್ ಎಲ್ಲೋ '100 ಕಿಲೋಪಾಸ್ಕಲ್ ಇರಬೇಕು' ಎಂದು ಕೇಳಿರುತ್ತಾನೆ. ಪರದೆಯಲ್ಲಿ 91. 'ನೋಡಿ ಸಾರ್, ಒಂಬತ್ತು ಕಮ್ಮಿ. ವೀಕ್ ಆಗಿದೆ.' ಹೊಸದು ಬರುತ್ತದೆ. ಹಾಕಿದರೆ 91. 'ಡೂಪ್ಲಿಕೇಟ್ ಕಳಿಸವ್ರೆ' ಎಂದು ಅಂಗಡಿಯವನಿಗೆ ಫೋನಿನಲ್ಲಿ ಬೈಗುಳ. ಇನ್ನೊಂದು ಬರುತ್ತದೆ. ಅದೂ 91. ಈಗ ಅನುಮಾನ ವೈರಿಂಗ್ ಮೇಲೆ, ಆಮೇಲೆ ಇಸಿಯು ಮೇಲೆ, ಕೊನೆಗೆ ಕಾರು ಕೊಂಡವರ ಜಾತಕದ ಮೇಲೆ. 100 ಎಂಬುದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯೇ 91. ಸೆನ್ಸರ್ ಮೂರು ಸಲವೂ ಸತ್ಯ ಹೇಳಿ ಮೂರು ಸಲವೂ ಕಸದ ಡಬ್ಬಿ ಸೇರಿತು. ಊರನ್ನು ಬದಲಿಸುವ ಕೊಟೇಶನ್ ಇನ್ನೂ ಯಾರೂ ಕೊಟ್ಟಿಲ್ಲ.

ನಿಜವಾಗಿ ಸೆನ್ಸರಿನ ಕಡೆ ತಿರುಗಬೇಕಾದ ಕೋಡುಗಳೇ ಬೇರೆ. ಬೂಸ್ಟಿಗೆ P0237, P0238. ರೈಲಿಗೆ P0192, P0193. ಪ್ರತಿ ಜೋಡಿಯಲ್ಲಿ ಮೊದಲನೆಯದು ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ ಎಂದರೆ, ಎರಡನೆಯದು ತೀರಾ ಜಾಸ್ತಿ ಎನ್ನುತ್ತದೆ. ಇಲ್ಲೂ ಅವಸರ ಸಲ್ಲ. ರಸ್ತೆಯ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಪವರ್ ಕಟ್ ಆಗುವ ಕಾರೊಂದನ್ನು ತೆಗೆದುಕೊಳ್ಳಿ. P0237, P0192 ಎರಡೂ ಒಟ್ಟಿಗೇ ಬರುತ್ತಿವೆ. ಎಂಜಿನ್ನಿನ ಬೇರೆ ಬೇರೆ ಮೂಲೆಯಲ್ಲಿರುವ ಎರಡು ಸೆನ್ಸರ್ ಒಂದೇ ಗಳಿಗೆಯಲ್ಲಿ ಜೊತೆಯಾಗಿ ಸಾಯುವುದು ಅಪರೂಪ. ಎರಡಕ್ಕೂ ಇಸಿಯು ಕೊಡುವುದು 5 ವೋಲ್ಟ್. ಕೆಲವು ಕಾರುಗಳಲ್ಲಿ ಇವು ಒಂದೇ 5 ವೋಲ್ಟ್ ಲೈನಿನಲ್ಲಿರುತ್ತವೆ. ಆ ತಂತಿ ಎಲ್ಲೋ ಬ್ರಾಕೆಟ್ಟಿಗೆ ಉಜ್ಜಿ ಬಾಡಿಯ ಲೋಹಕ್ಕೆ ತಾಗಿದರೆ ಇಬ್ಬರ ಬಾಯಿಯೂ ಒಟ್ಟಿಗೆ ಕಟ್ಟುತ್ತದೆ. ಅದೇ, ಇಬ್ಬರಿಗೂ ಸೇರಿದ ಗ್ರೌಂಡ್ ತಂತಿ ಕಡಿದುಹೋದರೆ P0238, P0193 ಜೋಡಿ ಕಾಣಿಸುತ್ತದೆ.

ಪರೀಕ್ಷೆಗೆ ಬೇಕಾದದ್ದು ಸಾಧಾರಣ ಮಲ್ಟಿಮೀಟರ್. ಎಂಜಿನ್ ಆಫ್ ಮಾಡಿ, ಬೂಸ್ಟ್ ಸೆನ್ಸರಿನ ಕಪ್ಲರ್ ಕಳಚಿ, ಆಮೇಲೆ ಕೀ ಆನ್ ಮಾಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ವೈರಿಂಗ್ ಕಡೆಯ ಕಪ್ಲರಿನ ಸಪ್ಲೈ ಪಿನ್ನಿಗೆ ಕೆಂಪು ಮುಟ್ಟಿಸಿದರೆ ಸುಮಾರು 5 ವೋಲ್ಟ್ ಬರಬೇಕು. ಯಾವುದು ಸಪ್ಲೈ ಎಂಬುದನ್ನು ಸರ್ಕ್ಯೂಟ್ ಚಿತ್ರದಲ್ಲಿ ನೋಡಿಕೊಳ್ಳಿ, ಕೆಲವು ಕಾರುಗಳಲ್ಲಿ ಸಿಗ್ನಲ್ ಪಿನ್ನಿನಲ್ಲೂ 5 ಕಾಣುತ್ತದೆ. ಒಂದೂವರೆಯೋ ಎರಡೋ ಬಂದರೆ ರೈಲ್ ಸೆನ್ಸರಿನ ಕಪ್ಲರನ್ನೂ ಕಳಚಿ ಮತ್ತೆ ನೋಡಿ. ಈಗ 5 ಬಂದರೆ ರೈಲ್ ಸೆನ್ಸರೇ ಒಳಗೆ ಶಾರ್ಟ್. ಬರದಿದ್ದರೆ ಆ ಲೈನಿನಲ್ಲಿರುವ ಮಿಕ್ಕ ಕಪ್ಲರ್‌ಗಳನ್ನೂ ಒಂದೊಂದಾಗಿ ಕಳಚಬೇಕು. ಆಗಲೂ ಬರದಿದ್ದರೆ ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಮೀಟರ್ ನೋಡಬೇಕು. ಅಂಕಿ ಕುಣಿದ ಜಾಗದಲ್ಲೇ ಗಾಯ. ಕಪ್ಲರ್ ಕಳಚಬಹುದು, ಆದರೆ ರೈಲ್ ಸೆನ್ಸರನ್ನಾಗಲಿ, ಸ್ಟೀಲ್ ಪೈಪನ್ನಾಗಲಿ ಸ್ಪ್ಯಾನರ್ ಹಾಕಿ ಸಡಿಲಿಸಲು ಹೋಗಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಹಳೆಯ ಡೀಸೆಲ್ ಜೀಪುಗಳ ಕಾಲದಲ್ಲಿ ಇಂಥ ಪತ್ತೇದಾರಿ ಇರಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ಬೀಡಿ ಪಕ್ಕಕ್ಕಿಟ್ಟು, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಎಂಜಿನ್ನಿನ ಮಾತು ಕೇಳುತ್ತಿದ್ದ. ಕಪ್ಪು ಹೊಗೆ ಉಗುಳುತ್ತಲೇ ಜೀಪು ಘಾಟಿ ಹತ್ತುತ್ತಿತ್ತು. ಹತ್ತುವುದಿಲ್ಲ ಎಂದು ಅದು ಯಾವತ್ತೂ ತೀರ್ಮಾನ ಮಾಡುತ್ತಿರಲಿಲ್ಲ. ಆ ಕಿವಿ ಈಗ ಸಿಗುವುದು ಕಷ್ಟ. ಸಿಕ್ಕರೂ 5 ವೋಲ್ಟ್ ಸದ್ದು ಮಾಡುವುದಿಲ್ಲ.

ಸಿಟ್ಟು ಬರುವುದು ಇನ್ನೊಂದಕ್ಕೆ. 'ಎರರ್ ಕ್ಲಿಯರ್ ಮಾಡಿದೀನಿ ಸಾರ್, ಓಡ್ಸಿ ನೋಡಿ' ಎನ್ನುವ ಉಪಕಾರ. ಕೋಡಿನ ಜೊತೆಗೆ ಇಸಿಯು ಫ್ರೀಜ್ ಫ್ರೇಮ್ ಎಂದು ಆ ಕ್ಷಣದ ಆರ್‌ಪಿಎಂ, ವೇಗ, ಲೋಡು ಎಲ್ಲ ಬರೆದಿಟ್ಟಿರುತ್ತದೆ. ಕ್ಲಿಯರ್ ಒತ್ತಿದರೆ ಅದೂ ಹೋಯಿತು. ಒತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ.

ಗಾಯ ಸಿಕ್ಕ ಮೇಲೆ ಬ್ಯಾಟರಿ ಕಳಚಿ, ತಂತಿ ಬೆಸೆದು, ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಬ್ರಾಕೆಟ್ಟಿನಿಂದ ದೂರಕ್ಕೆ ಕ್ಲಿಪ್ ಮಾಡಿದರೆ ಕೆಲಸ ಮುಗಿಯಿತು. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಎಂಜಿನ್ನಿನ ಬಿಸಿಗೆ ಅಂಟು ಬಿಟ್ಟು ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಬಿಲ್ ಕೊಡುವಾಗ ಬದಲಿಸಿದ ಹಳೆಯ ಸೆನ್ಸರ್‌ಗಳನ್ನೂ ಕೇಳಿ ಈಸಿಕೊಳ್ಳಿ. ಚೆನ್ನಾಗಿಯೇ ಇರುತ್ತವೆ.