ಅಧ್ಯಕ್ಷರ ಪತ್ರಕ್ಕೆ ಆಡಿಟರ್ ಸಹಿ ಇದೆಯೇ?

"ಕಂಪನಿಯ ವಾರ್ಷಿಕ ವರದಿ ಆಡಿಟ್ ಆಗಿರುತ್ತದೆ, ಹಾಗಾಗಿ ಅಧ್ಯಕ್ಷರು ಪತ್ರದಲ್ಲಿ ಬರೆದದ್ದೆಲ್ಲ ನಂಬಬಹುದು. ಎಲ್ಲರಿಗೂ ಕಳುಹಿಸಿ."

ಹೀಗೆ ಹರಿದಾಡುವ ಸಂದೇಶ ತಪ್ಪು. ಭಾರತದಲ್ಲಿ ಲೆಕ್ಕಪರಿಶೋಧಕರು ಅಭಿಪ್ರಾಯ ನೀಡುವುದು ಹಣಕಾಸು ಪಟ್ಟಿಗಳು ಮತ್ತು ಅವುಗಳ ಟಿಪ್ಪಣಿಗಳ ಮೇಲೆ. ಅಧ್ಯಕ್ಷರ ಪತ್ರವನ್ನೂ ಆಡಳಿತ ಮಂಡಳಿಯ ವಿಶ್ಲೇಷಣೆಯನ್ನೂ ಅವರು ಓದಿ, ಲೆಕ್ಕಕ್ಕೆ ಗಣನೀಯವಾಗಿ ವಿರುದ್ಧವಾದದ್ದು ಇದೆಯೇ ಎಂದು ನೋಡುತ್ತಾರೆಯೇ ಹೊರತು, ಅದರ ಸತ್ಯಾಸತ್ಯತೆಗೆ ಭರವಸೆ ಕೊಡುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ: "₹500 ಕೋಟಿಯ ಹೊಸ ಘಟಕದ ಕೆಲಸ ಭರದಿಂದ ಸಾಗಿದೆ" ಎಂದು ಪತ್ರದಲ್ಲಿದೆ. "ಭರದಿಂದ" ಎಂಬುದನ್ನು ಅಳೆಯಲಾಗದು, ಹಣವನ್ನು ಅಳೆಯಬಹುದು. ನಗದು ಹರಿವಿನ ಪಟ್ಟಿಯಲ್ಲಿ ಕಟ್ಟಡ, ಯಂತ್ರಗಳಂಥ ಸ್ಥಿರಾಸ್ತಿ ಖರೀದಿಗೆ ಈ ವರ್ಷ ₹12 ಕೋಟಿ ಮಾತ್ರ ಹೋಗಿದ್ದರೆ, ಟಿಪ್ಪಣಿಯಲ್ಲಿ ಬಂಡವಾಳ ಒಪ್ಪಂದಗಳ ಬಾಕಿ ಬದ್ಧತೆ, ಅಂದರೆ ಒಪ್ಪಂದವಾಗಿ ಇನ್ನೂ ಪೂರೈಸಬೇಕಿರುವ ಕೆಲಸದ ಮೊತ್ತವೂ ಅಲ್ಪವಾಗಿದ್ದರೆ, ಯಂತ್ರಗಳಿಗೆ ದೊಡ್ಡ ಆರ್ಡರ್ ಹೋದಂತಿಲ್ಲ. ಘಟಕ ಬಹುಶಃ ಇನ್ನೂ ಯೋಜನೆಯಷ್ಟೇ.

ಆಮೇಲೆ ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿಯ ವಯಸ್ಸಿನ ಪಟ್ಟಿ, ಅಂದರೆ ಮುಗಿಯದ ಕಾಮಗಾರಿಗೆ ಹಾಕಿದ ಹಣ ಎಷ್ಟು ವರ್ಷದಿಂದ ಅಲ್ಲೇ ಕೂತಿದೆ ಎಂಬ ಪಟ್ಟಿ ನೋಡಿ. 2021–22ರಿಂದ ಇದು ಕಡ್ಡಾಯ. ಮೊತ್ತದ ಬಹುಪಾಲು "3 ವರ್ಷಕ್ಕಿಂತ ಹೆಚ್ಚು" ಎಂಬ ಅಂಕಣದಲ್ಲಿದ್ದರೆ ಕೆಲಸ ಕುಂಟುತ್ತಿದೆ ಎಂಬ ಅನುಮಾನ ಸಹಜ. ಅವಧಿ ಮೀರಿದ ಯೋಜನೆಗಳು ಯಾವಾಗ ಮುಗಿಯಬಹುದೆಂಬುದನ್ನೂ ಕಂಪನಿ ಅಲ್ಲಿಯೇ ಹೇಳಬೇಕು. ಹಳೆಯ ಎರಡು ವರ್ಷಗಳ ಪತ್ರಗಳನ್ನು ಪಕ್ಕದಲ್ಲಿಟ್ಟು ಓದುವುದು ನನ್ನ ರೂಢಿ, ಏಕೆಂದರೆ ಮುಗಿಯದ ಘಟಕ ಕೆಲವೊಮ್ಮೆ ಸದ್ದಿಲ್ಲದೆ ಪತ್ರದಿಂದಲೇ ಮಾಯವಾಗಿರುತ್ತದೆ.

ಆಡಿಟ್ ಆದ ಅಂಕಿಯೂ ಸುಳ್ಳಾಗಬಹುದು ಎಂಬುದನ್ನು 2009ರಲ್ಲಿ ಬಯಲಾದ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಲೆಕ್ಕ ವಂಚನೆ ತೋರಿಸಿದೆ. ಆದರೂ ಅಂಕಿಯನ್ನು ತಾಳೆ ನೋಡಲು ದಾರಿಯಿದೆ, ವಿಶೇಷಣಕ್ಕೆ ಅದೂ ಇಲ್ಲ.