ಖಾತೆ ಯಾರ ಹೆಸರಲ್ಲಿದೆ ಅಂತ ಮೊದಲು ಬರೆಯಿರಿ

ನೆರವು ಕೇಳುವ ವಿಡಿಯೊಗಳು ದಿನಕ್ಕೆ ನಾಲ್ಕಾದರೂ ನಮ್ಮ ಕಣ್ಣಿಗೆ ಬೀಳುತ್ತವೆ. ವಿಡಿಯೊ ಮಾಡುವವರು ವಾರಗಟ್ಟಲೆ ಅದರ ಮೇಲೆ ಕೂತಿರುತ್ತಾರೆ. ಕೆಳಗಿನ ವಿವರಣೆಯನ್ನು ಮಾತ್ರ ಅಪ್‌ಲೋಡ್ ಮಾಡುವ ಹೊತ್ತಿಗೆ ಎರಡು ನಿಮಿಷದಲ್ಲಿ ಗೀಚಿ ಮುಗಿಸುತ್ತಾರೆ. ಹಣ ಕೊಡಬೇಕೋ ಬೇಡವೋ ಅಂತ ಮನುಷ್ಯ ತೀರ್ಮಾನ ಮಾಡುವುದು ಬಹಳ ಸಲ ಆ ವಿವರಣೆ ಓದುವಾಗಲೇ. ನಾನು ಹೀಗೆ ಹೇಳುವುದಕ್ಕೆ ಒಂದು ಕಾರಣ ಇದೆ.

ಗೆಳೆಯನ ತಂಗಿಯ ಗಂಡನಿಗೆ ಎರಡೂ ಕಿಡ್ನಿ ಹೋಗಿದ್ದವು. ವಯಸ್ಸು 34. ತಾಯಿಯ ಕಿಡ್ನಿ ಹೊಂದುತ್ತದೆ ಅಂತಾಯಿತು, ಕಸಿಗೆ ತಯಾರಿ ಶುರುವಾಯಿತು. ಗೆಳೆಯ ನಾಲ್ಕು ನಿಮಿಷದ ಒಂದು ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದ. ವಿಡಿಯೊ ಚೆನ್ನಾಗಿತ್ತು. ಅತ್ತು ಕರೆದು ಮಾಡಿದ್ದಲ್ಲ, ಆ ತಾಯಿ ತನ್ನ ಪಾಡಿಗೆ ತಾನು ಮಾತಾಡಿದ್ದರು. ಮೂರು ದಿನದಲ್ಲಿ ಸಾವಿರಾರು ಜನ ನೋಡಿದರು. ಹಣ ಮಾತ್ರ ಬೆರಳೆಣಿಕೆಯಷ್ಟು ಮಂದಿಯಿಂದ ಬಂತು.

ಕಾರಣ ಗೊತ್ತಾಗಿದ್ದು ನನ್ನ ಚಿಕ್ಕಮ್ಮನಿಂದ. ಅವರು ನನ್ನ ಪಕ್ಕದಲ್ಲೇ ಕೂತು ಹಣ ಕಳಿಸಲು ಹೊರಟರು. ಖಾತೆ ಸಂಖ್ಯೆ ಹಾಕಿದರು, ಮೊತ್ತ ಹಾಕಿದರು. ಕೊನೆಯಲ್ಲಿ 'ಇವರಿಗೆ ಕಳಿಸುತ್ತಿದ್ದೀರಿ' ಅಂತ ಪರದೆಯ ಮೇಲೆ ಒಂದು ಹೆಸರು ಬಂತು. ಚಿಕ್ಕಮ್ಮನ ಬೆರಳು ಅಲ್ಲೇ ನಿಂತಿತು. "ಇದ್ಯಾರೋ? ವಿಡಿಯೊದಲ್ಲಿ ಈ ಹೆಸರೇ ಇಲ್ವಲ್ಲ" ಅಂದರು. ಅದು ನನ್ನ ಗೆಳೆಯನ ಹೆಸರು. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಾನು ಪಕ್ಕದಲ್ಲಿ ಇರದಿದ್ದರೆ ಅವರು ಫೋನ್ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಹಾಗೆ ಎದ್ದು ಹೋದವರು ಎಷ್ಟು ಜನವೋ.

ಖಾತೆ ಗೆಳೆಯನ ಹೆಸರಲ್ಲಿ ಇದ್ದುದಕ್ಕೆ ನ್ಯಾಯವಾದ ಕಾರಣವೇ ಇತ್ತು. ರೋಗಿಯ ಖಾತೆಯಿಂದ ಹಳೆಯ ಸಾಲದ ಕಂತು ತಾನಾಗಿ ಕಡಿತವಾಗುತ್ತಿತ್ತು. ಎಂಟು ತಿಂಗಳಿಂದ ಕೆಲಸವಿಲ್ಲದೆ ಕಂತು ಬಾಕಿ ಬಿದ್ದಿತ್ತು. ಚಿಕಿತ್ಸೆಗೆ ಅಂತ ಬಂದ ಹಣ ಅಲ್ಲಿಗೆ ಬಿದ್ದರೆ ಮೊದಲು ಸಾಲಕ್ಕೆ ಹೋಗುತ್ತಿತ್ತು. ಹಾಗಾಗಿ ಬೇರೆ ಖಾತೆ. ಇದನ್ನು ಒಂದು ಸಾಲಲ್ಲಿ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ, ಯಾಕೆಂದರೆ ಸಾಲ ಇದೆ ಅಂತ ಹೇಳಿಕೊಳ್ಳುವುದು ಅವಮಾನ ಅನ್ನಿಸಿತ್ತು. ನಾನು ಗೆಳೆಯನಿಗೆ ಹೇಳಿದೆ: ಸಾಲದ ವಿಷಯ ಬೇಡ ಅಂದರೆ ಬಿಡು, ಆದರೆ ಖಾತೆ ನಿನ್ನದು, ನೀನು ಅವರಿಗೆ ಏನಾಗಬೇಕು, ಹಣದ ಲೆಕ್ಕ ಇಡುವವರು ಯಾರು, ಈ ಮೂರು ಮಾತು ಬರೆಯಲೇಬೇಕು. ಬ್ಯಾಂಕಿನ ದಾಖಲೆಯಲ್ಲಿ ಹೆಸರು ಹೇಗಿದೆಯೋ, ಇನಿಷಿಯಲ್ ಸಮೇತ, ಹಾಗೇ ಬರೆಯಬೇಕು. ಕರೆಯುವ ಹೆಸರೊಂದು, ದಾಖಲೆಯ ಹೆಸರೊಂದು ಆದರೆ ಮತ್ತೆ ಅದೇ ಗೊಂದಲ.

ಆ ರಾತ್ರಿ ನಾವಿಬ್ಬರೂ ಕೂತು ವಿವರಣೆಯನ್ನು ಹೊಸದಾಗಿ ಬರೆದೆವು. ಹಳೆಯದರಲ್ಲಿ ಮೊದಲ ಸಾಲು 'ನಿಮ್ಮ ಒಂದು ಶೇರ್ ಒಂದು ಜೀವ ಉಳಿಸಬಹುದು' ಅಂತಿತ್ತು. ಅದರ ಕೆಳಗೆ ಹದಿನಾಲ್ಕು ಹ್ಯಾಶ್‌ಟ್ಯಾಗ್, ಅದರ ಕೆಳಗೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಅನ್ನುವ ಮಾತು, ಎಲ್ಲಕ್ಕಿಂತ ಕೆಳಗೆ ಖಾತೆ ಸಂಖ್ಯೆ. ಯೂಟ್ಯೂಬ್ ವಿವರಣೆಗೆ 5,000 ಅಕ್ಷರ ಕೊಡುತ್ತದೆ. ಆದರೆ ಒತ್ತಿ ತೆರೆಯದೆ ಕಾಣುವುದು ಎರಡು ಮೂರು ಸಾಲು ಮಾತ್ರ, ಕೆಲವು ಕಡೆ ಅದೂ ಇಲ್ಲ. ಆ ಜಾಗದಲ್ಲಿ ಯಾರಿಗೆ, ಯಾವುದಕ್ಕೆ, ಎಷ್ಟು, ಯಾವತ್ತಿನವರೆಗೆ ಅನ್ನುವುದು ಇರಬೇಕು.

'ಎಷ್ಟು' ಅನ್ನುವ ಕಡೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಹಳೆಯ ವಿವರಣೆಯಲ್ಲಿ '9 ಲಕ್ಷ ಬೇಕಾಗಿದೆ' ಅಂತಿತ್ತು. ಆಸ್ಪತ್ರೆ ಕೊಟ್ಟ ಅಂದಾಜು ಪಟ್ಟಿಯ ಪ್ರಕಾರ ಒಟ್ಟು ಖರ್ಚು 9 ಲಕ್ಷ ಅನ್ನುವುದು ನಿಜ. ಅದರಲ್ಲಿ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆವಾಸಕ್ಕೆ ಆರೂವರೆ ಲಕ್ಷ, ತಾಯಿಯ ತಪಾಸಣೆಗಳಿಗೆ 70 ಸಾವಿರ, ಮೊದಲ ಆರು ತಿಂಗಳ ಔಷಧಿಗೆ 1 ಲಕ್ಷ 80 ಸಾವಿರ. ಆದರೆ ವಿಮೆಯಿಂದ 3 ಲಕ್ಷ ಮಂಜೂರಾಗಿತ್ತು, ಮನೆಯವರು 2 ಲಕ್ಷ ಹೊಂದಿಸಿದ್ದರು. ನಿಜವಾಗಿ ಕಡಿಮೆ ಬಿದ್ದಿದ್ದು 4 ಲಕ್ಷ. "4 ಅಂತ ಬರೆದರೆ 2 ಬರುತ್ತೆ ಕಣೋ, 9 ಅಂದರೆ 4 ಆದರೂ ಬಂದೀತು" ಅಂದ ಗೆಳೆಯ. ಅವನ ಭಯ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಪ್ಪಲಿಲ್ಲ. 9 ಲಕ್ಷ ಬೇಕಾಗಿದೆ ಅನ್ನುವ ಮಾತನ್ನು ಓದಿದವರು 9 ಲಕ್ಷವನ್ನೂ ಜನರೇ ಕೊಡಬೇಕು ಅಂದುಕೊಳ್ಳುತ್ತಾರೆ. ನಾಳೆ ವಿಮೆಯ ವಿಷಯ ಯಾರಾದರೂ ಕಾಮೆಂಟಿನಲ್ಲಿ ಹಾಕಿದರೆ ಆ ತಾಯಿಯ ಮಾತೂ ಸುಳ್ಳಾಗಿ ಕಾಣುತ್ತದೆ. ಕೊನೆಗೆ ನಾಲ್ಕೂ ಅಂಕಿ ಬರೆದೆವು: ಒಟ್ಟು, ವಿಮೆ, ಮನೆಯವರದ್ದು, ಕೇಳುತ್ತಿರುವುದು. ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ಮುಂದೆಯೂ ನುಂಗುತ್ತಲೇ ಇರಬೇಕು. ಈ ಹಣ ಮೊದಲ ಆರು ತಿಂಗಳಿಗೆ ಮಾತ್ರ, ಆಮೇಲಿನದನ್ನು ನಾವೇ ನೋಡಿಕೊಳ್ಳುತ್ತೇವೆ ಅಂತಲೂ ಸೇರಿಸಿದೆವು.

ಇನ್ನೊಂದು ಸಾಲನ್ನು ಬರೆಯುವುದಕ್ಕೆ ನನ್ನ ಕೈ ಬರಲಿಲ್ಲ. ಹಣ ಮಿಕ್ಕಿದರೆ ಏನು, ಶಸ್ತ್ರಚಿಕಿತ್ಸೆ ನಡೆಯದೇ ಹೋದರೆ ಏನು ಅನ್ನುವ ಸಾಲು. ಆ ಎರಡನೆಯ ಮಾತನ್ನು ಗೆಳೆಯನ ತಂಗಿಯ ಮುಂದೆ ಹೇಗೆ ಎತ್ತುವುದು? ನಾನು ಸುಮ್ಮನೆ ಕೂತಿದ್ದನ್ನು ನೋಡಿ ಆಕೆಯೇ ಅಂದಳು: "ಬರೀರಿ ಅಣ್ಣ. ಜನ ಅವರ ಆಪರೇಷನ್‌ಗೆ ಅಂತ ಕೊಡ್ತಿರೋದು. ಆಗದೇ ಹೋದರೆ ಅದು ನಮ್ಮ ದುಡ್ಡಲ್ಲ." ಬರೆದೆ.

ಹಣ ಕಳಿಸುವ ವಿವರದಲ್ಲಿ ಕಲಿತದ್ದು ಹೆಚ್ಚು. ಹಳೆಯ ವಿವರಣೆಯಲ್ಲಿ ಖಾತೆ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದ. ನೋಡಲು ಚಂದ, ಆದರೆ ಕಾಪಿ ಮಾಡಿ ಬ್ಯಾಂಕಿನ ಆಪ್‌ನಲ್ಲಿ ಅಂಟಿಸಿದರೆ ತೆಗೆದುಕೊಳ್ಳಲಿಲ್ಲ. ನೋಡಿಕೊಂಡು ಒತ್ತುವಾಗ ಒಂದಂಕಿ ತಪ್ಪಿದರೂ ಕಷ್ಟ. ನಾನು ಕನ್ನಡ ಅಂಕಿಗಳನ್ನು ಪ್ರೀತಿಸುವವನೇ, ಆದರೆ ಇದು ಅದರ ಜಾಗವಲ್ಲ. ಸಂಖ್ಯೆಯನ್ನು 0ಯಿಂದ 9ರ ಅಂಕಿಗಳಲ್ಲಿ, ನಡುವೆ ಜಾಗ ಬಿಡದೆ, ಅದೊಂದನ್ನೇ ಒಂದು ಸಾಲಿನಲ್ಲಿ ಹಾಕಿದೆವು. ಹಾಗಿದ್ದರೆ ಫೋನಿನಲ್ಲಿ ಬೆರಳಿಟ್ಟು ಅಷ್ಟನ್ನೇ ಆರಿಸುವುದು ಸುಲಭ. ಆಮೇಲೆ ನಾನು ನನ್ನ ಫೋನಿನಿಂದ ಅದನ್ನೇ ಕಾಪಿ ಮಾಡಿ ತೀರಾ ಚಿಕ್ಕ ಮೊತ್ತ ಕಳಿಸಿ ನೋಡಿದೆ. ಗೆಳೆಯನಿಗೆ ತಲುಪಿತು ಅಂದ ಮೇಲೆಯೇ ಸೇವ್ ಮಾಡಿದ್ದು. ಈ ಪರೀಕ್ಷೆಯನ್ನು ದಯವಿಟ್ಟು ಯಾರೂ ಬಿಡಬೇಡಿ.

ಕ್ಯೂಆರ್ ಕೋಡ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅದನ್ನು ವಿಡಿಯೊದ ಒಳಗೆ ಹಾಕಬೇಡಿ. ಫೋನಿನಲ್ಲಿ ವಿಡಿಯೊ ನೋಡುತ್ತಿರುವವನು ಅದೇ ಫೋನಿನ ಕ್ಯಾಮೆರಾದಿಂದ ಅದನ್ನು ಸ್ಕ್ಯಾನ್ ಮಾಡಲಾರ, ಸ್ಕ್ರೀನ್‌ಶಾಟ್ ತೆಗೆದು ಒದ್ದಾಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ವಿವರಣೆಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಯಾರೋ ಡೌನ್‌ಲೋಡ್ ಮಾಡಿ ಗುಂಪಿನಿಂದ ಗುಂಪಿಗೆ ದಾಟಿಸಿದ ವಿಡಿಯೊವನ್ನು ತಿದ್ದಲು ಆಗುವುದಿಲ್ಲ. ಹಣ ಸಾಕಾದ ಮೇಲೂ ಆ ಕೋಡ್ ವರ್ಷಗಟ್ಟಲೆ ಹಣ ಬೇಡುತ್ತಲೇ ಇರುತ್ತದೆ. ಮೋಸಗಾರರು ಮಾಡುವುದೂ ಇದನ್ನೇ: ನಿಜವಾದ ವಿಡಿಯೊ ಕದ್ದು, ಅದರ ಕೋಡ್ ಮೇಲೆ ತಮ್ಮ ಕೋಡ್ ಅಂಟಿಸಿ, ಮತ್ತೆ ಹರಿಯಬಿಡುತ್ತಾರೆ. ಅದಕ್ಕೆ ನಾವು ವಿಡಿಯೊದಲ್ಲಿದ್ದ ಕೋಡ್ ತೆಗೆದು ಹೊಸದಾಗಿ ಅಪ್‌ಲೋಡ್ ಮಾಡಿದೆವು. ಮೂರು ದಿನದ ನೋಡುಗರ ಲೆಕ್ಕ ಹೋಯಿತು, ಹೋಗಲಿ. ಕೋಡ್ ಇದ್ದ ಜಾಗದಲ್ಲಿ ಚಾನೆಲ್ ಹೆಸರು ಮತ್ತು 'ಹಣ ಕಳಿಸುವ ವಿವರ ಇದೇ ಚಾನೆಲ್‌ನ ಈ ವಿಡಿಯೊದ ಕೆಳಗೆ ಮಾತ್ರ ಇದೆ' ಅನ್ನುವ ಸಾಲು ಬಂತು. ಬೇರೆ ಕಡೆ ನೋಡಿದವರು ಹುಡುಕಿಕೊಂಡು ಬರಬೇಕು ನಿಜ. ಬರುವವರು ಬರುತ್ತಾರೆ.

ಕೊನೆಗೆ ವಿವರಣೆ ಹೀಗಾಯಿತು. ಹೆಸರು, ಸಂಖ್ಯೆ ತೆಗೆದು ಹಾಕುತ್ತಿದ್ದೇನೆ, ಬೇಕಾದವರು ಇಟ್ಟುಕೊಳ್ಳಿ.

"(ಹೆಸರು), 34 ವರ್ಷ, ಇವರ ಕಿಡ್ನಿ ಕಸಿಗೆ 4 ಲಕ್ಷ ಕಡಿಮೆ ಬಿದ್ದಿದೆ. ಈ ತಿಂಗಳ 30ರವರೆಗೆ ಅಥವಾ ಅಷ್ಟು ಹಣ ಸೇರುವವರೆಗೆ ಮಾತ್ರ ಕೇಳುತ್ತಿದ್ದೇವೆ.

ಒಟ್ಟು ಅಂದಾಜು ಖರ್ಚು 9 ಲಕ್ಷ. ವಿಮೆಯಿಂದ 3 ಲಕ್ಷ ಮಂಜೂರಾಗಿದೆ. ಮನೆಯವರು 2 ಲಕ್ಷ ಹೊಂದಿಸಿದ್ದೇವೆ. ಶಸ್ತ್ರಚಿಕಿತ್ಸೆ, ಕಿಡ್ನಿ ಕೊಡುತ್ತಿರುವ ತಾಯಿಯ ತಪಾಸಣೆ ಮತ್ತು ಮೊದಲ ಆರು ತಿಂಗಳ ಔಷಧಿ ಇದರಲ್ಲಿ ಸೇರಿದೆ. ಆಮೇಲಿನ ಔಷಧಿಯ ಖರ್ಚು ಮನೆಯವರದ್ದು. ಆಸ್ಪತ್ರೆಯ ಅಂದಾಜು ಪಟ್ಟಿ ಈ ಲಿಂಕ್‌ನಲ್ಲಿದೆ. ವಿಳಾಸ ಮತ್ತು ಗುರುತಿನ ಸಂಖ್ಯೆಯನ್ನು ಮುಚ್ಚಿದ್ದೇವೆ.

ಹಣ ಕಳಿಸುವಾಗ ನಿಮಗೆ ಕಾಣುವ ಹೆಸರು: (ಖಾತೆದಾರರ ಹೆಸರು). ಇವರು ರೋಗಿಯ ಹೆಂಡತಿಯ ಅಣ್ಣ, ಹಣದ ಲೆಕ್ಕ ಇಡುವವರೂ ಇವರೇ. ಈ ಖಾತೆಯನ್ನು ಇದಕ್ಕಾಗಿಯೇ ತೆರೆದಿದ್ದೇವೆ. ಬೇರೆ ಹೆಸರು ಕಂಡರೆ ಕಳಿಸಬೇಡಿ.
ಖಾತೆ ಸಂಖ್ಯೆ:
(ಸಂಖ್ಯೆ)
ಬ್ಯಾಂಕ್ ಮತ್ತು ಶಾಖೆ: (ಹೆಸರು)

ಇದು ಒಂದು ಕುಟುಂಬದ ಕೋರಿಕೆ, ನೋಂದಾಯಿತ ಸಂಸ್ಥೆಯದ್ದಲ್ಲ. ತೆರಿಗೆ ರಿಯಾಯಿತಿಯ ರಸೀದಿ ಕೊಡಲು ಆಗುವುದಿಲ್ಲ.

ಹಣ ಮಿಕ್ಕರೆ ಇವರದೇ ಮುಂದಿನ ಔಷಧಿಗೆ ಬಳಸುತ್ತೇವೆ. ಶಸ್ತ್ರಚಿಕಿತ್ಸೆ ನಡೆಯದಿದ್ದರೆ, ಅಲ್ಲಿಯವರೆಗಿನ ಆಸ್ಪತ್ರೆ ಬಿಲ್ ಕಟ್ಟಿ, ಉಳಿದದ್ದನ್ನು ಅದೇ ಆಸ್ಪತ್ರೆಯಲ್ಲಿ ಕಸಿಗೆ ಕಾಯುತ್ತಿರುವ ಬೇರೆ ರೋಗಿಗೆ ಕೊಟ್ಟು ಇಲ್ಲಿ ತಿಳಿಸುತ್ತೇವೆ.

ಕಾಮೆಂಟ್‌ನಲ್ಲಾಗಲಿ ಇನ್‌ಬಾಕ್ಸ್‌ನಲ್ಲಾಗಲಿ ನಾವು ಯಾರಿಗೂ ಖಾತೆ ಸಂಖ್ಯೆ ಕಳಿಸುವುದಿಲ್ಲ. ಪಿನ್, ಓಟಿಪಿ ಕೇಳುವುದಿಲ್ಲ."

ಕಾಮೆಂಟಿನ ಬಗ್ಗೆ ಆ ಸಾಲು ಸುಮ್ಮನೆ ಹಾಕಿದ್ದಲ್ಲ. ಹೊಸ ವಿಡಿಯೊ ಹಾಕಿದ ಎರಡನೇ ದಿನವೇ ರೋಗಿಯ ಫೋಟೊ, ರೋಗಿಯ ಹೆಸರು ಇಟ್ಟುಕೊಂಡ ಯಾರೋ ಒಬ್ಬರು 'ಆ ಖಾತೆ ಬ್ಲಾಕ್ ಆಗಿದೆ, ಇದಕ್ಕೆ ಕಳಿಸಿ' ಅಂತ ಬರೆದಿದ್ದರು. ಅಳಿಸಿ ವರದಿ ಮಾಡಿದೆವು, ನಮ್ಮ ಮಾತನ್ನು ಮೇಲೆ ಪಿನ್ ಮಾಡಿದೆವು. ಅಲ್ಲಿಂದ ಮುಂದೆ ಗೆಳೆಯ ಪ್ರತಿ ರಾತ್ರಿ ವಿವರಣೆಯ ಮೇಲ್ತುದಿಯಲ್ಲಿ ತಾರೀಖು ಹಾಕಿ ಅವತ್ತಿನವರೆಗೆ ಬಂದ ಮೊತ್ತ ಬರೆಯುತ್ತಿದ್ದ. ಕೊಟ್ಟವರ ಹೆಸರು ಬರೆಯಲಿಲ್ಲ. ಹೆಸರು ಹಾಕಲೇ ಅಂತ ಅವರನ್ನು ಕೇಳಿರಲಿಲ್ಲವಲ್ಲ.

ಹತ್ತೊಂಬತ್ತನೇ ದಿನ 4 ಲಕ್ಷ ದಾಟಿತು. ಆ ರಾತ್ರಿಯೇ ಮೊದಲ ಸಾಲನ್ನು 'ಬೇಕಾದಷ್ಟು ಹಣ ಸೇರಿದೆ, ದಯವಿಟ್ಟು ಇನ್ನು ಕಳಿಸಬೇಡಿ' ಅಂತ ಬದಲಿಸಿ, ಖಾತೆ ಸಂಖ್ಯೆಯನ್ನು ವಿವರಣೆಯಿಂದಲೇ ತೆಗೆದೆವು. ಆದರೂ ಮುಂಚೆಯೇ ಸಂಖ್ಯೆ ಉಳಿಸಿಕೊಂಡಿದ್ದ ಹನ್ನೊಂದು ಜನ ಕಳಿಸಿದರು. ಗೆಳೆಯ ಅವರಲ್ಲಿ ಸಿಕ್ಕ ಒಂಬತ್ತು ಜನರನ್ನು ಕೇಳಿದ: ವಾಪಸ್ ಕಳಿಸಲೇ, ಔಷಧಿಗೆ ಇಟ್ಟುಕೊಳ್ಳಲೇ? ಏಳು ಜನ ಔಷಧಿಗೆ ಅಂದರು. ಇಬ್ಬರು ವಾಪಸ್ ತೆಗೆದುಕೊಂಡರು, ಅದನ್ನೂ ತಾರೀಖು ಹಾಕಿ ಅಲ್ಲೇ ಬರೆದ.