ಭೂಮಿಯ ಹೊಟ್ಟೆಯಲ್ಲಿ ದಂಡಕಾಂತ ಇಲ್ಲ

ಭೂಮಿಯ ಕಾಂತಕ್ಷೇತ್ರವನ್ನು ವಿವರಿಸಲು ಅದರೊಳಗೆ ಒಂದು ದಂಡಕಾಂತವನ್ನು ಓರೆಯಾಗಿ ಇಟ್ಟ ಚಿತ್ರ ಪಠ್ಯಪುಸ್ತಕಗಳಲ್ಲಿ ಇರುತ್ತದಲ್ಲ, ಅದನ್ನು ತೆಗೆದುಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಬ್ಬಿಣದ ಕಾಂತವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಅದರ ಕಾಂತತ್ವ ಹೊರಟುಹೋಗುತ್ತದೆ. ಭೂಮಿಯ ಹೊರ ಕೇಂದ್ರಗೋಳದ ಬಿಸಿಯೋ, ಹತ್ತಿರಹತ್ತಿರ 4000 ಡಿಗ್ರಿಯಿಂದ ಶುರು.

ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದು ಅಲ್ಲಿ ಹರಿಯುತ್ತಿರುವ ಕಬ್ಬಿಣ. ಸುಮಾರು 2900 ಕಿ.ಮೀ. ಆಳದಿಂದ 5150 ಕಿ.ಮೀ. ಆಳದವರೆಗೂ ಕರಗಿದ ಕಬ್ಬಿಣವೇ ತುಂಬಿದೆ, ಜೊತೆಗೆ ಒಂದಿಷ್ಟು ನಿಕ್ಕಲ್, ಇನ್ನೊಂದಿಷ್ಟು ಹಗುರ ಧಾತುಗಳು. ತಳದಲ್ಲಿ ಕಬ್ಬಿಣ ಹೆಪ್ಪುಗಟ್ಟಿ ಒಳಗಿನ ಘನಗೋಳಕ್ಕೆ ಅಂಟಿಕೊಳ್ಳುತ್ತಾ ಹೋದ ಹಾಗೆ, ಹಗುರ ಧಾತುಗಳು ದ್ರವದಲ್ಲೇ ಉಳಿದು ಮೇಲಕ್ಕೇಳುತ್ತವೆ. ಮೇಲೆ ತಣಿದದ್ದು ಕೆಳಗಿಳಿಯುತ್ತದೆ. ಭೂಮಿಯ ತಿರುಗುವಿಕೆ ಈ ಏರಿಳಿತವನ್ನು ಸ್ಕ್ರೂವಿನಂತೆ ತಿರುಚುತ್ತದೆ. ವೇಗ ಎಷ್ಟು ಗೊತ್ತೇ? ಸೆಕೆಂಡಿಗೆ ಅರ್ಧ ಮಿಲಿಮೀಟರ್ ಆಸುಪಾಸು. ಬಸವನಹುಳು ಇದಕ್ಕಿಂತ ಬೇಗ ಹೋಗುತ್ತದೆ!

ಸೈಕಲ್ ಡೈನಮೊದಲ್ಲಿ ಕಾಂತವನ್ನು ಮೊದಲೇ ಕೂರಿಸಿರುತ್ತಾರೆ. ಇಲ್ಲಿ ಹಾಗಲ್ಲ. ಇರುವ ಕಾಂತಕ್ಷೇತ್ರದೊಳಗೆ ಲೋಹ ಹರಿದಾಗ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತು ಅದೇ ಕಾಂತಕ್ಷೇತ್ರಕ್ಕೆ ಬಲ ತುಂಬುತ್ತದೆ. ಆರಂಭಕ್ಕೆ ಎಲ್ಲಿಂದಲೋ ಬಂದ ಕ್ಷೀಣ ಕ್ಷೇತ್ರವೊಂದು ಸಾಕು. ಹರಿವು ನಿಂತರೆ ಮಾತ್ರ, ಲೋಹದ ಪ್ರತಿರೋಧದಲ್ಲಿ ವಿದ್ಯುತ್ತೆಲ್ಲ ಶಾಖವಾಗಿ ಕೆಲವು ಹತ್ತು ಸಾವಿರ ವರ್ಷಗಳಲ್ಲೇ ಕ್ಷೇತ್ರ ಕರಗಿಹೋಗುತ್ತದೆ. ಆದರೆ 340 ಕೋಟಿ ವರ್ಷ ಹಳೆಯ ಬಂಡೆಗಳಲ್ಲೂ ಅದರ ಗುರುತು ಸಿಕ್ಕಿದೆ. ಎಂದೋ ಉಳಿದುಬಂದ ಕಾಂತ ಇದಲ್ಲ, ಮತ್ತೆ ಮತ್ತೆ ಹುಟ್ಟುತ್ತಿರುವಂಥದ್ದು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಾಣದು.

ಈ ಕ್ಷೇತ್ರ ಬಾಹ್ಯಾಕಾಶಕ್ಕೂ ಚಾಚಿದೆ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಸೌರಮಾರುತದ ಪ್ರೋಟಾನು, ಎಲೆಕ್ಟ್ರಾನುಗಳನ್ನು ಸೂರ್ಯನ ಕಡೆಗೆ ಸುಮಾರು 60–65 ಸಾವಿರ ಕಿ.ಮೀ. ದೂರದಲ್ಲೇ ಪಕ್ಕಕ್ಕೆ ಸರಿಸುತ್ತದೆ. ಆದರೆ ಇದನ್ನು ಬಿರುಕಿಲ್ಲದ ಗೋಡೆ ಎಂದುಕೊಳ್ಳಬೇಡಿ. ಸೌರಮಾರುತ ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಅದು ದಕ್ಷಿಣಕ್ಕೆ ಮುಖ ಮಾಡಿದ್ದರೆ, ಅಲ್ಲಿ ಉತ್ತರಕ್ಕೆ ಮುಖ ಮಾಡಿರುವ ನಮ್ಮ ಕ್ಷೇತ್ರರೇಖೆಗಳ ಜೊತೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಆದದ್ದು ಸೌರ ಬಿರುಗಾಳಿಯ ಹೊಡೆತ. ಭೂಮಿಯ ಕಾಂತಕ್ಷೇತ್ರ ತಟ್ಟನೆ ಏರುಪೇರಾಗಿ ನೆಲದಲ್ಲಿ ವಿದ್ಯುತ್ ಹುಟ್ಟಿತು. ಅಲ್ಲಿನ ಗಟ್ಟಿ ಬಂಡೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯದು, ಹಾಗಾಗಿ ಅದು ಉದ್ದುದ್ದ ಹೈಟೆನ್ಷನ್ ತಂತಿಗಳ ದಾರಿ ಹಿಡಿಯಿತು. ಸುಮಾರು ಒಂದೂವರೆ ನಿಮಿಷದಲ್ಲಿ ಇಡೀ ಜಾಲ ಕುಸಿದು 60 ಲಕ್ಷ ಜನ ಕತ್ತಲಲ್ಲಿ ಉಳಿದರು. ಬಹುತೇಕರಿಗೆ ಕರೆಂಟ್ ಬರಲು ಒಂಬತ್ತು ಗಂಟೆ ಹಿಡಿಯಿತು.

ಸೌರಮಾರುತ ಹೊತ್ತು ತರುತ್ತಿರುವ ಕ್ಷೇತ್ರ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಈಗ ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿರುವ ಬಾಹ್ಯಾಕಾಶ ನೌಕೆಗಳು ಅಳೆದು ತಿಳಿಸುತ್ತವೆ. ಅಲ್ಲಿಂದ ಸೌರಮಾರುತ ನಮ್ಮನ್ನು ತಲುಪಲು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಬಿರುಗಾಳಿ ಜೋರಾಗಿದ್ದರೆ ಅರ್ಧ ಗಂಟೆಯೂ ಸಿಗುವುದಿಲ್ಲ.